ಬ್ರಾಕೆಟ್‌ನ ಫಿಲೆಟ್ ವೆಲ್ಡ್: ಶಿಯರ್ ಜೊತೆ ಟಾರ್ಷನ್ ಬಂದಾಗ ಥ್ರೋಟ್ ಸ್ಟ್ರೆಸ್ ಎಲ್ಲಿ ಜಾಸ್ತಿ, ಎಷ್ಟು ಜಾಸ್ತಿ?

ಕಂಬದ ಮುಖಕ್ಕೆ ಒಂದು ಪ್ಲೇಟನ್ನು ಚಪ್ಪಟೆಯಾಗಿ ಇಟ್ಟು, ಅದರ ಮೂರು ಅಂಚುಗಳಿಗೆ ಫಿಲೆಟ್ ವೆಲ್ಡ್ ಹಾಕಿದ್ದೀರಿ. ಪ್ಲೇಟಿನ ಇನ್ನೊಂದು ತುದಿ ಕಂಬದಿಂದ ಹೊರಗೆ ಚಾಚಿಕೊಂಡಿದೆ. ಆ ತುದಿಯಲ್ಲಿ ಭಾರ ಕೆಳಗೆ ಎಳೆಯುತ್ತಿದೆ. ಈಗ ವೆಲ್ಡ್ ತಡೆಯುತ್ತದೋ ಇಲ್ಲವೋ ನೋಡಬೇಕು.

ಭಾರವನ್ನು ವೆಲ್ಡ್‌ನ ಒಟ್ಟು ಉದ್ದದಿಂದ ಭಾಗಿಸಿ ಮುಗಿಸಿಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಹಾಗೆ ಮಾಡಿದರೆ ಕೆಳಗಿನ ಲೆಕ್ಕದಲ್ಲಿ ನಿಜವಾದ ಸ್ಟ್ರೆಸ್‌ನ ಐದನೇ ಒಂದು ಭಾಗ ಮಾತ್ರ ಕೈಗೆ ಸಿಗುತ್ತದೆ. ಉಳಿದ ಪಾಲೆಲ್ಲ ಭಾರ ದೂರದಲ್ಲಿರುವುದರಿಂದ ಹುಟ್ಟುವ ತಿರುಚುವಿಕೆಯದ್ದು, ಅಂದರೆ ಟಾರ್ಷನ್‌ನದ್ದು. ಅದನ್ನು ಎಲ್ಲಿಂದ ಅಳೆಯಬೇಕು, ಯಾವ ದಿಕ್ಕಿನಲ್ಲಿ ಕೂಡಿಸಬೇಕು ಎಂಬುದರಲ್ಲೇ ಹೆಚ್ಚಿನವರು ಎಡವುವುದು.

ಮೊದಲು ನೋಡಬೇಕಾದ್ದು: ಭಾರ ಯಾವ ಸಮತಲದಲ್ಲಿದೆ?

ಲೆಕ್ಕ ಶುರು ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ವೆಲ್ಡ್ ಗೆರೆಗಳೆಲ್ಲ ಒಂದು ಸಮತಲದಲ್ಲಿ ಇವೆ ಅಲ್ವಾ? ಭಾರವೂ ಅದೇ ಸಮತಲದಲ್ಲಿ, ಅಥವಾ ಅದಕ್ಕೆ ತೀರಾ ಹತ್ತಿರದಲ್ಲಿ ಇದೆಯಾ? ಇದ್ದರೆ ವೆಲ್ಡ್ ಗುಂಪು ತನ್ನ ಸಮತಲದಲ್ಲೇ ತಿರುಗಲು ನೋಡುತ್ತದೆ. ಅದು ಟಾರ್ಷನ್. ಈ ಲೇಖನ ಅದರ ಬಗ್ಗೆ.

ಹಾಗಲ್ಲದೆ ಪ್ಲೇಟಿನ ದಪ್ಪದ ಅಂಚನ್ನು ಕಂಬದ ಮುಖಕ್ಕೆ ನೇರವಾಗಿ ನಿಲ್ಲಿಸಿ, ಎರಡೂ ಬದಿಗೆ ವೆಲ್ಡ್ ಹಾಕಿದ್ದರೆ ಭಾರ ವೆಲ್ಡ್ ಸಮತಲದಿಂದ ಹೊರಗಿರುತ್ತದೆ. ಆಗ ಮೇಲಿನ ತುದಿ ಕಂಬದಿಂದ ಕಿತ್ತು ಬರಲು ನೋಡುತ್ತದೆ. ಅದು ಬೆಂಡಿಂಗ್, ಅದರ ಸೂತ್ರ ಬೇರೆ. ಎರಡಕ್ಕೂ ಬ್ರಾಕೆಟ್ ಅಂತಲೇ ಹೆಸರು ಇರುವುದರಿಂದ ಒಂದರ ಸೂತ್ರವನ್ನು ಇನ್ನೊಂದಕ್ಕೆ ಹಾಕಿದ ಲೆಕ್ಕಗಳು ಆಗಾಗ ಕಣ್ಣಿಗೆ ಬೀಳುತ್ತವೆ.

ನಮ್ಮ ಉದಾಹರಣೆ

ಪ್ಲೇಟ್ 12 ಮಿ.ಮೀ. ದಪ್ಪ, 200 ಮಿ.ಮೀ. ಎತ್ತರ. ಅದು ಕಂಬದ ಫ್ಲೇಂಜ್ ಮೇಲೆ 100 ಮಿ.ಮೀ. ಅಗಲಕ್ಕೆ ಕೂತಿದೆ. ಎಡಗಡೆಯ ನೇರ ಅಂಚಿಗೆ 200 ಮಿ.ಮೀ. ವೆಲ್ಡ್ ಇದೆ. ಮೇಲಿನ ಅಂಚಿಗೆ 100, ಕೆಳಗಿನ ಅಂಚಿಗೆ 100. ಅಂದರೆ ಇಂಗ್ಲಿಷ್‌ನ ಸಿ ಅಕ್ಷರದ ಆಕಾರ, ಅದರ ಬಾಯಿ ಭಾರದ ಕಡೆಗೆ. ಭಾರ 50 ಕಿಲೋನ್ಯೂಟನ್. ಅದು ಕಂಬದ ಅಂಚಿನಿಂದ 200 ಮಿ.ಮೀ. ಆಚೆ, ಅಂದರೆ ಎಡಗಡೆಯ ನೇರ ವೆಲ್ಡ್‌ನಿಂದ 300 ಮಿ.ಮೀ. ದೂರದಲ್ಲಿ, ಕೆಳಮುಖವಾಗಿ ಎಳೆಯುತ್ತಿದೆ. ಫಿಲೆಟ್‌ನ ಲೆಗ್ 8 ಮಿ.ಮೀ.

ಇಡೀ ಲೆಕ್ಕದಲ್ಲಿ ವೆಲ್ಡನ್ನು ದಪ್ಪವೇ ಇಲ್ಲದ ಗೆರೆ ಅಂತ ತಗೊಳ್ಳೋಣ. ಹಾಗೆ ಮಾಡಿದರೆ ಮೊದಲು ಪ್ರತಿ ಮಿ.ಮೀ. ಉದ್ದಕ್ಕೆ ಎಷ್ಟು ನ್ಯೂಟನ್ ಬೀಳುತ್ತದೆ ಅಂತ ಸಿಗುತ್ತದೆ. ಥ್ರೋಟ್ ದಪ್ಪದಿಂದ ಭಾಗಿಸುವುದು ಕಟ್ಟಕಡೆಗೆ. ಇದರಲ್ಲಿ ಒಂದು ಅನುಕೂಲ ಇದೆ. ಲೆಗ್ ಅಳತೆ ಬದಲಾಯಿಸಬೇಕಾದರೆ ಇಡೀ ಲೆಕ್ಕ ಮತ್ತೆ ಮಾಡಬೇಕಿಲ್ಲ, ಕೊನೆಯ ಭಾಗಾಕಾರ ಒಂದನ್ನು ಮತ್ತೆ ಮಾಡಿದರೆ ಸಾಕು.

ಹಂತ 1: ಸೆಂಟ್ರಾಯ್ಡ್

ವೆಲ್ಡ್ ಗುಂಪಿನ ಸೆಂಟ್ರಾಯ್ಡ್ ಎಲ್ಲಿದೆ ಅಂತ ಕಂಡುಹಿಡಿಯಬೇಕು. ಮೇಲೆ ಕೆಳಗೆ ಎರಡೂ ಒಂದೇ ತರಹ ಇರುವುದರಿಂದ ಅದು ನಡು ಎತ್ತರದಲ್ಲೇ ಇರುತ್ತದೆ. ಅಡ್ಡ ದಿಕ್ಕಿನಲ್ಲಿ ಎಷ್ಟು ದೂರ ಅನ್ನುವುದಷ್ಟೇ ಬಾಕಿ. ನೇರ ವೆಲ್ಡ್‌ನಿಂದ ಅಳೆಯೋಣ. ಎರಡು ಅಡ್ಡ ವೆಲ್ಡ್‌ಗಳ ನಡು 50 ಮಿ.ಮೀ. ದೂರದಲ್ಲಿದೆ. ನೇರ ವೆಲ್ಡ್‌ನ ದೂರ ಸೊನ್ನೆ.

```
L    = 200 + 100 + 100 = 400 mm
xbar = (2 × 100 × 50) / 400 = 25 mm
```

ಹೀಗಾಗಿ ಸೆಂಟ್ರಾಯ್ಡ್ ನೇರ ವೆಲ್ಡ್‌ನಿಂದ 25 ಮಿ.ಮೀ. ಬಲಕ್ಕೆ ಇದೆ.

ಹಂತ 2: ಭಾರದ ದೂರ ಮತ್ತು ತಿರುಚು ಬಲ

ಭಾರದ ದೂರವನ್ನು ಅಳೆಯಬೇಕಾದ್ದು ಈ ಸೆಂಟ್ರಾಯ್ಡ್‌ನಿಂದ. ಕಂಬದ ಅಂಚಿನಿಂದ ಅಲ್ಲ.

```
e = 300 − 25 = 275 mm
T = 50000 × 275 = 13750000 N·mm
```

ಡ್ರಾಯಿಂಗ್‌ನಲ್ಲಿ ಸಾಮಾನ್ಯವಾಗಿ ಬರೆದಿರುವ ಅಳತೆ ಕಂಬದ ಅಂಚಿನಿಂದ ಭಾರದವರೆಗಿನದು, ಇಲ್ಲಿ 200. ಅದನ್ನೇ ಎತ್ತಿ ಸೂತ್ರಕ್ಕೆ ಹಾಕಿದರೆ ಕೊನೆಯ ಉತ್ತರ ಸುಮಾರು 23 ಶೇಕಡಾ ಕಡಿಮೆ ಬರುತ್ತದೆ. ಈ ತಪ್ಪು ಅಪಾಯದ ಕಡೆಗೆ ವಾಲುತ್ತದೆ, ಮೇಲಾಗಿ ಉತ್ತರ ನೋಡಿದರೆ ಅನುಮಾನವೇ ಬರುವುದಿಲ್ಲ. ಬೇರೆಯವರ ಲೆಕ್ಕ ಪರಿಶೀಲಿಸಲು ಕೂತಾಗ ನಾನು ಮೊದಲು ಹುಡುಕುವುದು ಈ ಒಂದು ಸಾಲನ್ನೇ.

ಹಂತ 3: ಪೋಲಾರ್ ಮೊಮೆಂಟ್

ಈಗ ಸೆಂಟ್ರಾಯ್ಡ್ ಸುತ್ತ ವೆಲ್ಡ್ ಗೆರೆಗಳ ಪೋಲಾರ್ ಮೊಮೆಂಟ್ ಬೇಕು. ಪ್ರತಿ ಆಕಾರಕ್ಕೂ ಒಂದೊಂದು ಸೂತ್ರ ಕೊಡುವ ಪಟ್ಟಿಗಳು ಇವೆ. ಆದರೆ ಒಂದೇ ಒಂದು ಸರಳ ಸೂತ್ರ ನೆನಪಿದ್ದರೆ ಪಟ್ಟಿ ಬೇಡ. ಯಾವುದೇ ನೇರ ತುಂಡಿಗೆ, ಅದು ಓರೆಯಾಗಿದ್ದರೂ ಸರಿ, ಉದ್ದದ ಘನವನ್ನು 12ರಿಂದ ಭಾಗಿಸಿ. ಅದಕ್ಕೆ ಉದ್ದ ಗುಣಿಸು ದೂರದ ವರ್ಗವನ್ನು ಕೂಡಿಸಿ. ಇಲ್ಲಿ ದೂರ ಅಂದರೆ ಸೆಂಟ್ರಾಯ್ಡ್‌ನಿಂದ ಆ ತುಂಡಿನ ನಡುವಿನವರೆಗೆ.

ನೇರ ವೆಲ್ಡ್‌ನ ನಡು ಸೆಂಟ್ರಾಯ್ಡ್‌ನಿಂದ 25 ಮಿ.ಮೀ. ಎಡಕ್ಕಿದೆ. ಅಡ್ಡ ವೆಲ್ಡ್‌ನ ನಡು 25 ಮಿ.ಮೀ. ಬಲಕ್ಕೆ ಮತ್ತು 100 ಮಿ.ಮೀ. ಮೇಲೆ ಅಥವಾ ಕೆಳಗಿದೆ.

```
vertical   : 200³/12 + 200 × 25²             =  791667
horizontals: 2 × [100³/12 + 100 × (25² + 100²)] = 2291667
J          = 3083333 mm³
```

ಅಳತೆ ಮಿ.ಮೀ. ಘನದಲ್ಲಿದೆ, ನಾಲ್ಕನೇ ಘಾತದಲ್ಲಿ ಅಲ್ಲ. ದಪ್ಪವನ್ನು ಇನ್ನೂ ಗುಣಿಸಿಲ್ಲ ಅನ್ನುವುದಕ್ಕೆ ಅದೇ ಗುರುತು. ಇಲ್ಲೇ ಥ್ರೋಟ್‌ನಿಂದ ಗುಣಿಸಿಬಿಟ್ಟು, ಕೊನೆಗೆ ಮತ್ತೊಮ್ಮೆ ಥ್ರೋಟ್‌ನಿಂದ ಭಾಗಿಸುವವರೂ ಇದ್ದಾರೆ. ಆಗ ಟಾರ್ಷನ್ ಪಾಲು ಐದಾರು ಪಟ್ಟು ಕುಗ್ಗಿಹೋಗುತ್ತದೆ. ಪ್ರತಿ ಹಂತದಲ್ಲೂ ಯೂನಿಟ್ ಬರೆದುಕೊಂಡು ಹೋದರೆ ಇದು ತಕ್ಷಣ ಕಣ್ಣಿಗೆ ಹೊಡೆಯುತ್ತದೆ.

ಸಂಖ್ಯೆಗಳನ್ನು ಇನ್ನೊಮ್ಮೆ ನೋಡಿ. ಮುಕ್ಕಾಲು ಪಾಲು ಬಂದದ್ದು ಎರಡು ಪುಟ್ಟ ಅಡ್ಡ ವೆಲ್ಡ್‌ಗಳಿಂದ. ಒಟ್ಟು ಉದ್ದದಲ್ಲಿ ಅವು ಅರ್ಧ ಮಾತ್ರ. ಸೆಂಟ್ರಾಯ್ಡ್‌ನಿಂದ ದೂರ ಇರುವ ವೆಲ್ಡ್‌ಗೆ ಎಷ್ಟು ಬೆಲೆ ಅಂತ ಇದರಿಂದ ಗೊತ್ತಾಗುತ್ತದೆ. ಆಕಾರ ಬದಲಾಯಿಸುವ ಮಾತು ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಹಂತ 4: ದಿಕ್ಕು ನೋಡಿ ಕೂಡಿಸುವುದು

ಪ್ರತಿ ಬಿಂದುವಿನಲ್ಲೂ ಎರಡು ಬಲಗಳಿವೆ. ಒಂದು ನೇರ ಶಿಯರ್. ಅದು ಎಲ್ಲ ಕಡೆ ಒಂದೇ, ಭಾರದ ದಿಕ್ಕಿನಲ್ಲಿ, ಅಂದರೆ ಕೆಳಗೆ. 50000ವನ್ನು 400ರಿಂದ ಭಾಗಿಸಿದರೆ ಮಿ.ಮೀ.ಗೆ 125 ನ್ಯೂಟನ್.

ಇನ್ನೊಂದು ಟಾರ್ಷನ್ ಪಾಲು. ಅದು ಸೆಂಟ್ರಾಯ್ಡ್‌ನಿಂದ ಬಿಂದುವಿಗಿರುವ ದೂರಕ್ಕೆ ತಕ್ಕಂತೆ ಬೆಳೆಯುತ್ತದೆ. ಅದರ ದಿಕ್ಕು ಸೆಂಟ್ರಾಯ್ಡ್‌ನಿಂದ ಆ ಬಿಂದುವಿಗೆ ಎಳೆದ ಗೆರೆಗೆ ಲಂಬವಾಗಿರುತ್ತದೆ. ಭಾರ ಬಲಗಡೆ ಇದ್ದು ಕೆಳಗೆ ಎಳೆಯುವುದರಿಂದ ಪ್ಲೇಟ್ ಗಡಿಯಾರದ ಮುಳ್ಳಿನಂತೆ ತಿರುಗಲು ನೋಡುತ್ತದೆ. ಹಾಗಾಗಿ ಮೇಲಿನ ಬಿಂದುಗಳು ಬಲಕ್ಕೆ, ಕೆಳಗಿನವು ಎಡಕ್ಕೆ, ಬಲಗಡೆಯವು ಕೆಳಗೆ, ಎಡಗಡೆಯವು ಮೇಲಕ್ಕೆ.

ಓರೆ ಬಲವನ್ನು ಹಾಗೆಯೇ ಹಿಡಿದುಕೊಂಡು ಕೋನ ಹುಡುಕುತ್ತಾ ಹೋಗಬೇಡಿ. ಮೊದಲಿನಿಂದಲೇ ಅಡ್ಡ ಮತ್ತು ನೇರ ಪಾಲುಗಳಾಗಿ ಬಿಡಿಸಿ. ಬಿಂದುವಿನ ಎತ್ತರ ಅಡ್ಡ ಬಲವನ್ನು ಕೊಡುತ್ತದೆ, ಬಿಂದುವಿನ ಅಡ್ಡ ದೂರ ನೇರ ಬಲವನ್ನು ಕೊಡುತ್ತದೆ. ಇದು ಅದಲು ಬದಲಾಗದಂತೆ ನೋಡಿಕೊಳ್ಳಿ.

```
T/J = 13750000 / 3083333 = 4.46 N/mm per mm
```

ಮೇಲಿನ ಅಡ್ಡ ವೆಲ್ಡ್‌ನ ಬಲ ತುದಿ ಸೆಂಟ್ರಾಯ್ಡ್‌ನಿಂದ 75 ಮಿ.ಮೀ. ಬಲಕ್ಕೆ, 100 ಮಿ.ಮೀ. ಮೇಲೆ ಇದೆ.

```
horizontal = 4.46 × 100       = 446 N/mm
vertical   = 4.46 × 75 + 125  = 459 N/mm
resultant  = sqrt(446² + 459²) = 640 N/mm
```

ಕೆಳಗಿನ ಅಡ್ಡ ವೆಲ್ಡ್‌ನ ಬಲ ತುದಿಯಲ್ಲೂ ಇದೇ 640 ಬರುತ್ತದೆ. ಅಡ್ಡ ಬಲದ ದಿಕ್ಕು ಮಾತ್ರ ಎಡಕ್ಕೆ ತಿರುಗುತ್ತದೆ.

ಎಡಗಡೆಯ ಮೇಲಿನ ಮೂಲೆಯನ್ನೂ ನೋಡೋಣ. ಅದು 25 ಮಿ.ಮೀ. ಎಡಕ್ಕಿದೆ. ಅಲ್ಲಿ ಟಾರ್ಷನ್‌ನ ನೇರ ಪಾಲು 111, ಅದೂ ಮೇಲ್ಮುಖ. ನೇರ ಶಿಯರ್ 125, ಕೆಳಮುಖ. ಎರಡೂ ಒಂದನ್ನೊಂದು ಬಹುತೇಕ ತಿಂದುಹಾಕಿ ಸುಮಾರು 14 ಉಳಿಯುತ್ತದೆ. ಅಡ್ಡ ಬಲ 446 ಹಾಗೇ ಇರುತ್ತದೆ. ಒಟ್ಟು 446. ತುದಿಗಿಂತ 30 ಶೇಕಡಾ ಕಡಿಮೆ.

ಸುಮ್ನೆ ಟಾರ್ಷನ್ ಪಾಲನ್ನೂ ಶಿಯರ್ ಪಾಲನ್ನೂ ಸಂಖ್ಯೆಯಾಗಿ ಕೂಡಿಸಿದರೆ ಏನಾಗುತ್ತದೆ? ತುದಿಯಲ್ಲಿ 557ಕ್ಕೆ 125 ಕೂಡಿ 682 ಆಗುತ್ತದೆ. ಬರೀ 7 ಶೇಕಡಾ ಜಾಸ್ತಿ, ಅದೂ ಸುರಕ್ಷಿತ ಕಡೆಗೆ. ಪರವಾಗಿಲ್ಲ ಅನ್ನಿಸಬಹುದು. ಆದರೆ ಎಡ ಮೂಲೆಗೆ ಅದೇ ರೀತಿ ಕೂಡಿಸಿದರೆ 460ಕ್ಕೆ 125 ಸೇರಿ 585 ಬರುತ್ತದೆ, ನಿಜ 446. ಯಾವ ಜಾಗ ನಿಜಕ್ಕೂ ಕಷ್ಟದಲ್ಲಿದೆ ಎಂಬ ಚಿತ್ರವೇ ಕೆಟ್ಟುಹೋಗುತ್ತದೆ.

ಯಾವ ಬಿಂದು ಕ್ರಿಟಿಕಲ್ ಅಂತ ಲೆಕ್ಕವಿಲ್ಲದೆ ಹೇಳಬಹುದೇ?

ಹೇಳಬಹುದು. ಈ ವಿಷಯದಲ್ಲಿ ನನಗೆ ತುಂಬಾ ಇಷ್ಟವಾದ ಭಾಗ ಇದು.

ಟಾರ್ಷನ್ ಬಲ ಸೆಂಟ್ರಾಯ್ಡ್‌ನ ಎಡಕ್ಕೆ ಹೋದಂತೆ ಮೇಲ್ಮುಖವಾಗಿ ಬೆಳೆಯುತ್ತದೆ. ನೇರ ಶಿಯರ್ ಎಲ್ಲೆಡೆ ಕೆಳಮುಖ 125. ಹಾಗಾದರೆ ನಡು ಎತ್ತರದಲ್ಲಿ ಸೆಂಟ್ರಾಯ್ಡ್‌ನ ಎಡಕ್ಕೆ ಒಂದು ಜಾಗದಲ್ಲಿ ಎರಡೂ ಸಮವಾಗಿ ರದ್ದಾಗಲೇಬೇಕು. ಅದನ್ನು ಸೊನ್ನೆ ಬಿಂದು ಅನ್ನೋಣ.

```
x0 = J / (L × e) = 3083333 / (400 × 275) = 28 mm
```

ಅಂದರೆ ಸೆಂಟ್ರಾಯ್ಡ್‌ನಿಂದ 28 ಮಿ.ಮೀ. ಎಡಕ್ಕೆ. ಪ್ಲೇಟಿಗೆ ಆ ಜಾಗದಲ್ಲಿ ಒಂದೇ ಒಂದು ಮೊಳೆ ಹೊಡೆದಿದ್ದರೆ ಹೇಗೆ ತಿರುಗುತ್ತಿತ್ತೋ ಹಾಗೆ ಇಡೀ ಬ್ರಾಕೆಟ್ ಆ ಬಿಂದುವಿನ ಸುತ್ತ ತಿರುಗಲು ನೋಡುತ್ತದೆ. ಪ್ರತಿ ಬಿಂದುವಿನ ಒಟ್ಟು ಬಲ ಈ ಸೊನ್ನೆ ಬಿಂದುವಿನಿಂದ ಇರುವ ದೂರ ಗುಣಿಸು 4.46, ಅಷ್ಟೇ. ಶಿಯರ್ ಮತ್ತು ಟಾರ್ಷನ್ ಎರಡೂ ಅದರೊಳಗೇ ಸೇರಿಕೊಂಡಿವೆ.

ಪರೀಕ್ಷಿಸಿ ನೋಡೋಣ. ಬಲ ತುದಿ ಈ ಬಿಂದುವಿನಿಂದ 103 ಮಿ.ಮೀ. ಬಲಕ್ಕೆ, 100 ಮಿ.ಮೀ. ಮೇಲೆ ಇದೆ. ದೂರ 143.6. ಅದನ್ನು 4.46ರಿಂದ ಗುಣಿಸಿದರೆ 640. ಸರಿ ಬಂತು.

ಇದರಿಂದ ಎರಡು ಲಾಭ. ಸೊನ್ನೆ ಬಿಂದುವಿನಿಂದ ಎಲ್ಲಕ್ಕಿಂತ ದೂರ ಇರುವ ಬಿಂದುವೇ ಕ್ರಿಟಿಕಲ್, ಬೇರೆ ಯಾವುದನ್ನೂ ನೋಡಬೇಕಿಲ್ಲ. ಮತ್ತೆ, ನೇರ ಗೆರೆಯಲ್ಲಿ ಒಂದು ಬಿಂದುವಿನಿಂದ ಅತಿ ದೂರದ ಜಾಗ ಯಾವಾಗಲೂ ಗೆರೆಯ ಒಂದು ತುದಿಯೇ ಆಗಿರುತ್ತದೆ. ಹಾಗಾಗಿ ನೇರ ತುಂಡುಗಳ ಗುಂಪಿನಲ್ಲಿ ತುಂಡುಗಳ ತುದಿಗಳನ್ನು ಮಾತ್ರ ನೋಡಿದರೆ ಸಾಕು. ನಡುವೆ ಎಲ್ಲೋ ಜಾಸ್ತಿ ಇದ್ದೀತು ಎಂಬ ಭಯ ಬೇಡ.

ಸೂತ್ರದಲ್ಲಿ ಭಾರವೇ ಇಲ್ಲ ಎಂಬುದನ್ನೂ ಗಮನಿಸಿ. ಭಾರ ಎಷ್ಟೇ ಆಗಲಿ, ಸೊನ್ನೆ ಬಿಂದು ಅಲ್ಲೇ ಇರುತ್ತದೆ. ಭಾರ ದೂರ ಹೋದಂತೆ ಅದು ಸೆಂಟ್ರಾಯ್ಡ್ ಕಡೆಗೆ ಸರಿಯುತ್ತದೆ. ಹತ್ತಿರ ಬಂದಂತೆ ದೂರ ಓಡುತ್ತದೆ. ಭಾರ ಸರಿಯಾಗಿ ಸೆಂಟ್ರಾಯ್ಡ್ ಮೂಲಕವೇ ಹಾದರೆ ಸೊನ್ನೆ ಬಿಂದು ಅನಂತ ದೂರಕ್ಕೆ ಹೋಗುತ್ತದೆ, ಆಗ ಎಲ್ಲ ಕಡೆಯೂ ಬರೀ 125.

ನಮ್ಮ ಉದಾಹರಣೆಯಲ್ಲಿ ನೇರ ವೆಲ್ಡ್ ಸೆಂಟ್ರಾಯ್ಡ್‌ನಿಂದ 25 ಮಿ.ಮೀ. ಎಡಕ್ಕಿದೆ, ಸೊನ್ನೆ ಬಿಂದು 28ರಲ್ಲಿದೆ. ಅಂದರೆ ಆ ಉದ್ದನೆಯ ನೇರ ವೆಲ್ಡ್‌ನ ನಡುಭಾಗ ಹೆಚ್ಚುಕಡಿಮೆ ಸುಮ್ಮನೆ ಕೂತಿದೆ. ಅಲ್ಲಿ ಮಿ.ಮೀ.ಗೆ ಬರೀ 14 ನ್ಯೂಟನ್. ಎಲ್ಲಕ್ಕಿಂತ ಉದ್ದದ ವೆಲ್ಡೇ ಎಲ್ಲ ಹೊರುತ್ತಿದೆ ಅಂತ ನಂಬಿದವರಿಗೆ ಇದು ಕಷ್ಟದ ಸುದ್ದಿ.

ಒಂದು ಎಚ್ಚರಿಕೆ. ಕೆಲವು ಕೋಡ್‌ಗಳಲ್ಲಿ ಇನ್‌ಸ್ಟಂಟೇನಿಯಸ್ ಸೆಂಟರ್ ಎಂಬ ಬೇರೆ ವಿಧಾನ ಇದೆ. ಅದರಲ್ಲಿ ವೆಲ್ಡ್ ಎಷ್ಟು ಹಿಗ್ಗಿದರೆ ಎಷ್ಟು ಬಲ ಎಂಬ ಬಾಗಿದ ಕರ್ವ್ ಬಳಸುತ್ತಾರೆ. ಬಲ ಗೆರೆಗೆ ಅಡ್ಡವಾಗಿ ಬಂದಾಗ ಫಿಲೆಟ್‌ನ ಶಕ್ತಿ ಒಂದೂವರೆ ಪಟ್ಟಿನವರೆಗೆ ಹೆಚ್ಚುವುದನ್ನೂ ಲೆಕ್ಕಕ್ಕೆ ತಗೊಳ್ಳುತ್ತಾರೆ. ನಮ್ಮದು ಎಲಾಸ್ಟಿಕ್ ವಿಧಾನ. ಪ್ಲೇಟ್ ಬಾಗುವುದೇ ಇಲ್ಲ, ವೆಲ್ಡ್ ದೂರಕ್ಕೆ ತಕ್ಕಷ್ಟು ಮಾತ್ರ ಬಲ ಕೊಡುತ್ತದೆ ಅಂತ ಇಲ್ಲಿ ಒಪ್ಪಿಕೊಂಡಿದ್ದೇವೆ. ಸಾಮಾನ್ಯವಾಗಿ ಇದು ಸುರಕ್ಷಿತ ಕಡೆಗೇ ಉತ್ತರ ಕೊಡುತ್ತದೆ. ಎರಡು ವಿಧಾನಗಳ ಸೊನ್ನೆ ಬಿಂದುಗಳು ಒಂದೇ ಅಲ್ಲ, ಒಂದರ ಸಂಖ್ಯೆಯನ್ನು ಇನ್ನೊಂದರಲ್ಲಿ ಬಳಸಬೇಡಿ.

ಹಂತ 5: ಥ್ರೋಟ್ ಸ್ಟ್ರೆಸ್

ಫಿಲೆಟ್ ವೆಲ್ಡ್ ಒಡೆಯುವುದು ಸಾಮಾನ್ಯವಾಗಿ ಅದರ ಅತಿ ಕಿರಿದಾದ ಜಾಗದಲ್ಲಿ. ಎರಡು ಲೆಗ್‌ಗಳೂ ಸಮ ಇದ್ದು ಮುಖ ಚಪ್ಪಟೆಯಾಗಿದ್ದರೆ, ಬೇರಿನಿಂದ ಮುಖಕ್ಕೆ ಇರುವ ಅತಿ ಹತ್ತಿರದ ದೂರ ಲೆಗ್‌ನ 0.707 ಪಟ್ಟು. ಅದೇ ಥ್ರೋಟ್. ಉಬ್ಬಿದ ವೆಲ್ಡ್‌ನ ಹೆಚ್ಚಿನ ಉಬ್ಬನ್ನು ಲೆಕ್ಕಕ್ಕೆ ತಗೊಳ್ಳುವುದಿಲ್ಲ.

```
throat = 0.707 × 8 = 5.66 mm
stress = 640 / 5.66 = 113 MPa
```

ಬಲ ಯಾವ ದಿಕ್ಕಿನಲ್ಲಿ ಬಂದರೂ ಪೂರ್ತಿ ಬಲವನ್ನು ಥ್ರೋಟ್ ಮೇಲಿನ ಶಿಯರ್ ಅಂತಲೇ ತಗೊಳ್ಳುವುದು ಇಲ್ಲಿನ ರೂಢಿ.

ಇದನ್ನು ಯಾವುದಕ್ಕೆ ಹೋಲಿಸುವುದು? ಅಮೆರಿಕದ ಅನುಮತಿ ಸ್ಟ್ರೆಸ್ ಪದ್ಧತಿಯಲ್ಲಿ ಎಲೆಕ್ಟ್ರೋಡ್ ಲೋಹದ ಟೆನ್ಸೈಲ್ ಶಕ್ತಿಯ 0.3 ಭಾಗ. E70 ಎಲೆಕ್ಟ್ರೋಡ್‌ಗೆ ಆ ಶಕ್ತಿ ಸುಮಾರು 482 ಮೆಗಾಪಾಸ್ಕಲ್, ಹಾಗಾಗಿ ಮಿತಿ 145. ನಮ್ಮ 113 ಅದರೊಳಗಿದೆ, ಮಿತಿಯ 78 ಶೇಕಡಾ. ನಿಮ್ಮ ಕೋಡ್ ಭಾರವನ್ನು ಮೊದಲೇ ಹೆಚ್ಚಿಸಿ ನೋಡುವ ಲಿಮಿಟ್ ಸ್ಟೇಟ್ ಪದ್ಧತಿಯದಾಗಿದ್ದರೆ ಅದರ ಮಿತಿಯನ್ನೇ ಬಳಸಿ. ಹೆಚ್ಚಿಸದ ಭಾರವನ್ನು ಲಿಮಿಟ್ ಸ್ಟೇಟ್ ಮಿತಿಗೆ ಹೋಲಿಸಿದರೆ ಸುರಕ್ಷತೆಯ ಅಂತರವೇ ಕಾಣೆಯಾಗುತ್ತದೆ.

ತುದಿಯ ತೊಂದರೆ

ಕಾಗದದ ಮೇಲೆ ಪಾಸ್ ಆಯಿತು. ಆದರೆ ಕ್ರಿಟಿಕಲ್ ಬಿಂದು ಸರಿಯಾಗಿ ವೆಲ್ಡ್ ಮುಗಿಯುವ ಜಾಗದಲ್ಲೇ ಬಂದು ಕೂತಿದೆ ಅನ್ನುವುದನ್ನು ಮರೆಯಬೇಡಿ. ವೆಲ್ಡರ್ ಆರ್ಕ್ ನಿಲ್ಲಿಸಿದ ಕಡೆ ಕ್ರೇಟರ್ ಅಂತ ಒಂದು ಗುಳಿ ಬೀಳುತ್ತದೆ. ಅಲ್ಲಿ ಥ್ರೋಟ್ ಪೂರ್ತಿ ಇರುವುದಿಲ್ಲ, ಸಣ್ಣ ಬಿರುಕೂ ಇರಬಹುದು. ಅದಕ್ಕೇ ಪ್ರತಿ ತೆರೆದ ತುದಿಯಲ್ಲಿ ಒಂದು ಲೆಗ್‌ನಷ್ಟು ಉದ್ದವನ್ನು ಕಳೆಯುವ ಪದ್ಧತಿ ಇದೆ.

ನಮ್ಮ ಸಿ ಆಕಾರದಲ್ಲಿ ಮೂಲೆಗಳಲ್ಲಿ ವೆಲ್ಡ್ ನಿಲ್ಲಿಸದೆ ತಿರುಗಿಸಿಕೊಂಡು ಹೋಗಿದ್ದಾರೆ ಅಂದುಕೊಳ್ಳೋಣ. ಆಗ ತೆರೆದ ತುದಿಗಳು ಎರಡೇ, ಎರಡೂ ಬಲಗಡೆ. ಅಡ್ಡ ವೆಲ್ಡ್ 100 ಬದಲು 92 ಅಂತ ಹಾಕಿ ಇಡೀ ಲೆಕ್ಕ ಮತ್ತೆ ಮಾಡಿದರೆ ತುದಿಯಲ್ಲಿ 680 ನ್ಯೂಟನ್, ಸ್ಟ್ರೆಸ್ 120 ಬರುತ್ತದೆ. ವೆಲ್ಡ್ ಕಡಿಮೆಯಾದದ್ದು 4 ಶೇಕಡಾ, ಸ್ಟ್ರೆಸ್ ಏರಿದ್ದು 6 ಶೇಕಡಾ. ದೊಡ್ಡದಲ್ಲ, ಆದರೆ 145ರ ಅಂಚಿನಲ್ಲಿರುವ ಬ್ರಾಕೆಟ್‌ಗೆ ಅಷ್ಟೇ ಸಾಕು.

ಇದಕ್ಕಿಂತ ದೊಡ್ಡ ಪೆಟ್ಟು ಕೊಡುವುದು ಸಂದು. ಕಂಬದ ಮುಖ ಸಮತಟ್ಟಾಗಿಲ್ಲದೆ ಪ್ಲೇಟಿನ ಕೆಳಗೆ 2 ಮಿ.ಮೀ. ಸಂದು ಉಳಿದಿದೆ ಅನ್ನಿ. ಹೊರಗಿನಿಂದ ಗೇಜ್ ಇಟ್ಟು ನೋಡಿದರೆ 8 ಮಿ.ಮೀ. ಲೆಗ್ ಚೆನ್ನಾಗಿ ಕಾಣುತ್ತದೆ. ಆದರೆ ಪ್ಲೇಟಿಗೆ ಅಂಟಿರುವುದು 6 ಮಾತ್ರ. ಥ್ರೋಟ್ 4.24, ಸ್ಟ್ರೆಸ್ 151. ಮಿತಿ ದಾಟಿಹೋಯಿತು. ವೆಲ್ಡ್ ಮುಗಿದ ಮೇಲೆ ಇದು ಹೊರಗಿನಿಂದ ಕಾಣುವುದೇ ಇಲ್ಲ, ಹಾಗಾಗಿ ಟ್ಯಾಕ್ ಹಾಕಿದ ಮೇಲೆ, ವೆಲ್ಡ್ ಶುರು ಮಾಡುವ ಮುಂಚೆ ಫೀಲರ್ ಗೇಜ್ ತೂರಿಸಿ ನೋಡಬೇಕು. ಸಂದು ಇದ್ದರೆ ಅಷ್ಟೇ ಅಳತೆಯನ್ನು ಲೆಗ್‌ಗೆ ಸೇರಿಸಿ ವೆಲ್ಡ್ ಮಾಡಿಸಬೇಕು. ನಮ್ಮ ಪ್ಲೇಟ್ 12 ಮಿ.ಮೀ. ಇರುವುದರಿಂದ 10 ಮಿ.ಮೀ. ಲೆಗ್‌ಗೆ ಅಂಚಿನಲ್ಲಿ ಜಾಗ ಇದೆ. ಅದಕ್ಕಿಂತ ದೊಡ್ಡದಾದರೆ ಪ್ಲೇಟಿನ ಮೇಲಂಚು ಕರಗಿಹೋಗಿ ಲೆಗ್ ಎಷ್ಟಿದೆ ಅಂತ ಅಳೆಯಲೂ ಆಗುವುದಿಲ್ಲ.

ಸಾಲದಿದ್ದರೆ ಏನು ಮಾಡುವುದು?

ಸ್ಟ್ರೆಸ್ ಮಿತಿ ದಾಟಿದರೆ ಮೊದಲು ಹೊಳೆಯುವುದು ಲೆಗ್ ದಪ್ಪ ಮಾಡುವುದು. 8ರಿಂದ 10ಕ್ಕೆ ಹೋದರೆ ಸ್ಟ್ರೆಸ್ 20 ಶೇಕಡಾ ಇಳಿಯುತ್ತದೆ. ಆದರೆ ತುಂಬಬೇಕಾದ ಲೋಹ ಲೆಗ್‌ನ ವರ್ಗಕ್ಕೆ ತಕ್ಕಂತೆ ಏರುತ್ತದೆ, ಅಂದರೆ 56 ಶೇಕಡಾ ಜಾಸ್ತಿ. ಜೊತೆಗೆ ಶಾಖವೂ ಜಾಸ್ತಿ, ಪ್ಲೇಟ್ ಸೊಟ್ಟಗಾಗುವುದೂ ಜಾಸ್ತಿ.

ಅದರ ಬದಲು ಪ್ಲೇಟನ್ನು ಎತ್ತರ ಮಾಡಿ ನೋಡಿ. 200ರ ಬದಲು 250 ಇಟ್ಟು, ಉಳಿದದ್ದೆಲ್ಲ ಹಾಗೇ ಬಿಟ್ಟರೆ ತುದಿಯ ಬಲ 640ರಿಂದ 488ಕ್ಕೆ ಇಳಿಯುತ್ತದೆ. ಸುಮಾರು 24 ಶೇಕಡಾ ಕಡಿಮೆ. ವೆಲ್ಡ್ ಉದ್ದ ಹೆಚ್ಚಿದ್ದು ಬರೀ 12.5 ಶೇಕಡಾ. ಅಡ್ಡ ವೆಲ್ಡ್‌ಗಳು ಸೆಂಟ್ರಾಯ್ಡ್‌ನಿಂದ ದೂರ ಸರಿದದ್ದರ ಫಲ ಇದು.

ಎತ್ತರ ಬಿಟ್ಟು ಅಡ್ಡ ವೆಲ್ಡ್‌ಗಳನ್ನು ಎಡಕ್ಕೆ ಬೆಳೆಸಿ 150 ಮಾಡಿದರೆ? ಉದ್ದ 25 ಶೇಕಡಾ ಹೆಚ್ಚುತ್ತದೆ, ಬಲ 528ಕ್ಕೆ ಮಾತ್ರ ಇಳಿಯುತ್ತದೆ. ಇಲ್ಲಿ ಒಂದು ಒಳಮರ್ಮ ಇದೆ. ವೆಲ್ಡ್ ಎಡಕ್ಕೆ ಬೆಳೆದಂತೆ ಸೆಂಟ್ರಾಯ್ಡ್ ಕೂಡ ಭಾರದಿಂದ ದೂರ ಹೋಗುತ್ತದೆ. ಭಾರದ ದೂರ 275ರಿಂದ 305 ಆಗಿಬಿಡುತ್ತದೆ. ಗಳಿಸಿದ್ದರಲ್ಲಿ ಸ್ವಲ್ಪ ಹಾಗೇ ಸೋರಿಹೋಗುತ್ತದೆ. ಹಾಗಾಗಿ ಜಾಗ ಇದ್ದರೆ ನನ್ನ ಆಯ್ಕೆ ಮೊದಲು ಎತ್ತರ, ಆಮೇಲೆ ಅಗಲ, ಕೊನೆಗೆ ಲೆಗ್.

ಸಂಖ್ಯೆ ಪರೀಕ್ಷಿಸಲು ಸಣ್ಣ ಪ್ರೋಗ್ರಾಂ

ಆಕಾರ ಬದಲಾಯಿಸಿ ನೋಡುವಾಗ ಪ್ರತಿ ಸಲ ಕೈಲೆಕ್ಕ ಬೇಸರ. ಕೆಳಗಿನ ಪೈಥಾನ್ ಪ್ರೋಗ್ರಾಂ ಯಾವುದೇ ನೇರ ತುಂಡುಗಳಿಗೆ ಕೆಲಸ ಮಾಡುತ್ತದೆ. ಪ್ರತಿ ತುಂಡಿಗೂ ಎರಡು ತುದಿಗಳ ಸ್ಥಾನ ಕೊಡಿ. ಭಾರ ಕೆಳಮುಖ ಅಂತ ಇಟ್ಟುಕೊಂಡಿದೆ.

```python
from math import hypot
P, xp, throat = 50000, 300, 5.66
seg = [(0,-100,0,100), (0,100,100,100), (0,-100,100,-100)]
L = [hypot(c-a, d-b) for a,b,c,d in seg]
M = [((a+c)/2, (b+d)/2) for a,b,c,d in seg]
A = sum(L)
X = sum(l*m[0] for l,m in zip(L,M))/A
Y = sum(l*m[1] for l,m in zip(L,M))/A
J = sum(l**3/12 + l*((m[0]-X)**2 + (m[1]-Y)**2) for l,m in zip(L,M))
T = P*(xp-X)
for a,b,c,d in seg:
    for x,y in ((a,b),(c,d)):
        fx, fy = T*(y-Y)/J, -T*(x-X)/J - P/A
        print(x, y, round(hypot(fx,fy)/throat, 1))
```

ಬಲ ತುದಿಗಳಿಗೆ 113.1, ಎಡ ಮೂಲೆಗಳಿಗೆ 78.8 ಬಂದರೆ ಸರಿಯಾಗಿ ಟೈಪ್ ಮಾಡಿದ್ದೀರಿ ಅಂತ ಅರ್ಥ.

ಪ್ಲೇಟನ್ನೂ ನೋಡಿ

ವೆಲ್ಡ್ ಪಾಸ್ ಆದ ಖುಷಿಯಲ್ಲಿ ಪ್ಲೇಟನ್ನು ಮರೆಯುವುದುಂಟು. ಕಂಬದ ಅಂಚಿನಲ್ಲಿ ಪ್ಲೇಟಿಗೆ ಬೆಂಡಿಂಗ್ ಬರುತ್ತದೆ, ಅಲ್ಲಿ ಮಾತ್ರ ದೂರವನ್ನು 200 ಅಂತಲೇ ತಗೊಳ್ಳಬೇಕು.

```
M = 50000 × 200   = 10000000 N·mm
Z = 12 × 200² / 6 = 80000 mm³
M/Z = 125 MPa
```

250 ಮೆಗಾಪಾಸ್ಕಲ್ ಯೀಲ್ಡ್ ಇರುವ ಉಕ್ಕಿಗೆ ಇದು ಅರ್ಧ. ಸರಿ ಇದೆ. ಆದರೆ ಪ್ಲೇಟ್ 8 ಮಿ.ಮೀ. ಆಗಿದ್ದರೆ 187 ಬರುತ್ತಿತ್ತು. ವೆಲ್ಡ್‌ಗಿಂತ ಮೊದಲು ಪ್ಲೇಟೇ ಮಾತಾಡುತ್ತಿತ್ತು, ಕೆಳಗಿನ ಅಂಚು ಒತ್ತಡಕ್ಕೆ ಪಕ್ಕಕ್ಕೆ ಬಾಗುವ ಭಯವೂ ಸೇರುತ್ತಿತ್ತು.

ಕೊನೆಗೆ, ಭಾರ ಸ್ಥಿರವಾಗಿರದೆ ಲಕ್ಷಗಟ್ಟಲೆ ಸಲ ಏರಿಳಿಯುವುದಾದರೆ, ಉದಾಹರಣೆಗೆ ಕ್ರೇನ್ ಓಡಾಡುವ ಬೀಮ್‌ನ ಕೆಳಗಿನ ಬ್ರಾಕೆಟ್, ಆಗ 113ನ್ನು 145ಕ್ಕೆ ಹೋಲಿಸಿ ಸುಮ್ಮನಾಗಬೇಡಿ. ಅಲ್ಲಿ ಬಿರುಕು ಥ್ರೋಟ್‌ನಿಂದಲೇ ಶುರುವಾಗಬೇಕೆಂದಿಲ್ಲ. ವೆಲ್ಡ್ ಮುಗಿದು ಪ್ಲೇಟ್ ಶುರುವಾಗುವ ಅಂಚಿನಿಂದಲೂ, ಅದರಲ್ಲೂ ಇದೇ ಬಲ ತುದಿಯಿಂದ ಹುಟ್ಟಬಹುದು. ಅದನ್ನು ಕೋಡ್‌ನ ಫಟೀಗ್ ವಿಭಾಗದ ಪ್ರಕಾರ, ಸ್ಟ್ರೆಸ್ ಎಷ್ಟರಿಂದ ಎಷ್ಟಕ್ಕೆ ಏರಿಳಿಯುತ್ತದೆ ಎಂಬ ಅಂತರ ಹಿಡಿದು, ಬೇರೆಯಾಗಿಯೇ ನೋಡಬೇಕು.